ಪ್ರಿವ್ಯೂನಲ್ಲಿ ದುಂಡಗಿದ್ದ ಲೋಗೊ ರೆಕಾರ್ಡಿಂಗ್‌ನಲ್ಲಿ ಮೊಟ್ಟೆಯಾದದ್ದು ಹೇಗೆ?

ಪ್ರಶ್ನೆ: ಸರ್, ನಾಪೋಕ್ಲು ಕಡೆ ಹಾಕಿ ಪಂದ್ಯಗಳನ್ನು ಓಬಿಎಸ್ ಸಾಫ್ಟ್‌ವೇರ್‌ನಲ್ಲಿ ಯೂಟ್ಯೂಬ್‌ಗೆ ಲೈವ್ ಕೊಡ್ತೀವಿ, ರೆಕಾರ್ಡೂ ಮಾಡ್ತೀವಿ. ಹೊಸ ಲ್ಯಾಪ್‌ಟಾಪ್ ತಗೊಂಡು, ಹಳೆಯದರ ಸೀನ್ ಕಲೆಕ್ಷನ್ ತಂದು ಹಾಕಿದೆ. ಕೆಳಗಡೆ ಕಪ್ಪು ಜಾಗ ಉಳೀತು. ಕ್ಯಾಮೆರಾ ಚಿತ್ರವನ್ನ ಎಳೆದು ತುಂಬಿಸಿ, ಸ್ಕೋರ್ ಪಟ್ಟಿಯನ್ನ ತಳಕ್ಕೆ ಇಳಿಸಿದೆ. ಈಗ ಪ್ರಿವ್ಯೂನಲ್ಲಿ ಕ್ಲಬ್ ಲೋಗೊ ದುಂಡಗಿದೆ, ರೆಕಾರ್ಡಿಂಗ್‌ನಲ್ಲಿ ಮೊಟ್ಟೆ. ಆದ್ರೆ ಆಟಗಾರರು ಸರಿಯಾಗೇ ಕಾಣ್ತಾರೆ! ಗೆಳೆಯ ಹೇಳಿದ ಅಂತ Base, Output ಎರಡನ್ನೂ 1280×720 ಮಾಡಿದೆ. ಲೋಗೊ ಸರಿ ಹೋಯ್ತು, ಆದ್ರೆ ಸ್ಕೋರ್ ಪಟ್ಟಿ ಮಾಯ, ಬಲಗಡೆ ಗೋಲ್ ಪೋಸ್ಟ್ ಕೂಡ ಕಟ್. ಮೊದಲು Base 1920×1200, Output 1280×720 ಇತ್ತು. ಕ್ಯಾಮೆರಾ 1920×1080 ಕೊಡುತ್ತೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ಅಳತೆಗಳನ್ನು ಬರೆದದ್ದು ಒಳ್ಳೆಯದಾಯಿತು. ಅವು ಇಲ್ಲದಿದ್ದರೆ ಊಹೆ ಮಾಡಬೇಕಿತ್ತು. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು ಇನ್ನೊಂದನ್ನು ಮುಚ್ಚಿಟ್ಟಿತ್ತು, ಅದಕ್ಕೇ ತಲೆ ಕೆಟ್ಟಿದೆ.

ಓಬಿಎಸ್‌ನಲ್ಲಿ ಚಿತ್ರ ಎರಡು ಹಂತ ದಾಟಿ ಫೈಲ್‌ಗೆ ಹೋಗುತ್ತದೆ. ಮೊದಲ ಹಂತ ಕ್ಯಾನ್ವಾಸ್. ಕ್ಯಾಮೆರಾ, ಲೋಗೊ, ಸ್ಕೋರ್ ಪಟ್ಟಿ ಎಲ್ಲವನ್ನೂ ನೀವು ಜೋಡಿಸುವುದು ಇದರ ಮೇಲೆ. Settings ಒಳಗೆ Video ತೆರೆದರೆ Base ಅಂತ ಶುರುವಾಗುವ ಸಾಲು ಇದರ ಅಳತೆ. ಎರಡನೇ ಹಂತದಲ್ಲಿ ಆ ಇಡೀ ಕ್ಯಾನ್ವಾಸನ್ನು Output ಸಾಲಿನ ಅಳತೆಗೆ ಕುಗ್ಗಿಸಿ, ಅದನ್ನು ವಿಡಿಯೊ ಆಗಿ ಅಡಕಮಾಡುವ ಎನ್‌ಕೋಡರ್‌ಗೆ ಕೊಡುತ್ತದೆ. ಕುಗ್ಗಿಸುವಾಗ ಉದ್ದ ಅಗಲದ ಅನುಪಾತವನ್ನು ಓಬಿಎಸ್ ಕಾಪಾಡುವುದಿಲ್ಲ. ಅಂಚಿಗೆ ಕಪ್ಪು ಪಟ್ಟಿ ಹಾಕುವುದೂ ಇಲ್ಲ, ಏನನ್ನೂ ಕತ್ತರಿಸುವುದೂ ಇಲ್ಲ. ನೀವು ಕೊಟ್ಟ ಚೌಕಟ್ಟಿಗೆ ಸುಮ್ನೆ ಎಳೆದು ಕೂರಿಸುತ್ತದೆ.

ಮುಖ್ಯ ವಿಷಯ ಏನೆಂದರೆ, ಪ್ರಿವ್ಯೂ ತೋರಿಸುವುದು ಮೊದಲ ಹಂತವನ್ನು ಮಾತ್ರ. ಎರಡನೇ ಹಂತದಲ್ಲಿ ಆಗುವ ಎಳೆದಾಟ ಅಲ್ಲಿ ಯಾವತ್ತೂ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಫೈಲ್ ತೆರೆಯಬೇಕು, ಅಥವಾ ಲೈವ್ ಅನ್ನು ಫೋನಿನಲ್ಲಿ ನೋಡಬೇಕು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಕ್ಯಾನ್ವಾಸ್ 1920×1200, ಅಂದರೆ 16:10. ಔಟ್‌ಪುಟ್ 1280×720, ಅಂದರೆ 16:9. ಅಡ್ಡಕ್ಕೆ 1920 ಹೋಗಿ 1280 ಆಗುತ್ತದೆ, ಮೂರರಲ್ಲಿ ಎರಡು ಪಾಲು. ಎತ್ತರ 1200 ಹೋಗಿ 720 ಆಗುತ್ತದೆ, ಐದರಲ್ಲಿ ಮೂರು ಪಾಲು. ಎತ್ತರ ಜಾಸ್ತಿ ಕುಗ್ಗಿತು. ಕ್ಯಾನ್ವಾಸ್ ಮೇಲೆ 300×300 ಇದ್ದ ನಿಮ್ಮ ದುಂಡು ಲೋಗೊ ಫೈಲ್‌ನಲ್ಲಿ 200×180 ಆಯಿತು. ಮೊಟ್ಟೆ ಬಂದದ್ದು ಹೀಗೆ.

ಹಾಗಾದರೆ ಆಟಗಾರರು ಯಾಕೆ ಸರಿ ಇದ್ದರು? ಕಪ್ಪು ಜಾಗ ತುಂಬಿಸಲು ನೀವು ಕ್ಯಾಮೆರಾ ಚಿತ್ರವನ್ನು ಎಳೆದಿರಿ ಅಲ್ವಾ? 1920×1080 ಚಿತ್ರ 1920×1200 ಆಯಿತು. ಅಂದರೆ ಪ್ರಿವ್ಯೂನಲ್ಲಿ ಎಲ್ಲ ಆಟಗಾರರೂ ಶೇಕಡಾ 11ರಷ್ಟು ಎತ್ತರವಾದರು. ಓಡಾಡುವ ಜನರಲ್ಲಿ ಅಷ್ಟು ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಔಟ್‌ಪುಟ್ ಹಂತದಲ್ಲಿ ಅದೇ ಚಿತ್ರ ಎತ್ತರದಲ್ಲಿ ಅಷ್ಟೇ ಕುಗ್ಗಿ ವಾಪಸ್ ಸರಿಯಾಯಿತು. ಎರಡು ತಪ್ಪುಗಳು ಸೇರಿ ಕ್ಯಾಮೆರಾ ಮಟ್ಟಿಗೆ ಒಂದು ಸರಿ ಆಯಿತು. ಲೋಗೊವನ್ನು ನೀವು ಎಳೆದಿರಲಿಲ್ಲ, ಹಾಗಾಗಿ ಅದರ ಪಾಲಿಗೆ ಒಂದೇ ತಪ್ಪು ಉಳಿಯಿತು. ಸ್ಕೋರ್ ಪಟ್ಟಿಯ ಅಕ್ಷರಗಳೂ ಸ್ವಲ್ಪ ದಪ್ಪಗಾಗಿರುತ್ತವೆ. ಹಳೆಯ ಪಂದ್ಯದ ವಿಡಿಯೊ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ.

ಗೆಳೆಯರ ಸಲಹೆ ಅರ್ಧ ಸರಿ. ಎರಡೂ ಸಾಲು ಒಂದೇ ಅನುಪಾತಕ್ಕೆ ಬಂದ ಕಾರಣ ಲೋಗೊ ದುಂಡಗಾಯಿತು. ಆದರೆ ನೀವು ಇಟ್ಟ ವಸ್ತುಗಳೆಲ್ಲ 1920×1200ರ ಜಾಗದಲ್ಲಿ ಪಿಕ್ಸೆಲ್ ಲೆಕ್ಕದಲ್ಲಿ ಕೂತಿದ್ದವು. ಕ್ಯಾನ್ವಾಸ್ ಚಿಕ್ಕದಾದರೂ ಅವು ಕದಲಲಿಲ್ಲ. ಅಳತೆ ಶುರುವಾಗುವುದು ಮೇಲಿನ ಎಡ ಮೂಲೆಯಿಂದ. ಹಾಗಾಗಿ ಆ ಮೂಲೆಯ 1280×720 ಮಾತ್ರ ಉಳಿದು, ಬಲಭಾಗ ಮತ್ತು ತಳ ಕ್ಯಾನ್ವಾಸಿನ ಹೊರಗೆ ಬಿದ್ದವು. 100 ಪಿಕ್ಸೆಲ್ ಎತ್ತರದ ಪಟ್ಟಿಯನ್ನು ತಳಕ್ಕೆ ಇಳಿಸಿದ್ದರೆ ಅದು 1100ನೇ ಸಾಲಿನಲ್ಲಿ ಇರುತ್ತದೆ. ಕ್ಯಾನ್ವಾಸ್ 720ಕ್ಕೇ ಮುಗಿಯಿತು. ಪಟ್ಟಿ ಮಾಯವಾಗಿಲ್ಲ, ಕಾಣದ ಜಾಗದಲ್ಲಿದೆ ಅಷ್ಟೆ. ಇನ್ನೊಂದು ನೋಡಿ: ಈಗ ಔಟ್‌ಪುಟ್‌ನಲ್ಲಿ ಕುಗ್ಗುವುದು ನಿಂತಿದೆ, ಆದ್ದರಿಂದ ನಿಮ್ಮ ಆಟಗಾರರು ನಿಜವಾಗಿಯೂ ಉದ್ದ ಆಗಿರುತ್ತಾರೆ. ಗೋಲ್ ಪೋಸ್ಟ್ ಹೋದ ಗಾಬರಿಯಲ್ಲಿ ನೀವು ಅದನ್ನು ಗಮನಿಸಿರಲಿಕ್ಕಿಲ್ಲ.

ಈಚಿನ ಓಬಿಎಸ್ ಆವೃತ್ತಿಗಳಲ್ಲಿ ಕ್ಯಾನ್ವಾಸ್ ಬದಲಾದರೆ ವಸ್ತುಗಳೂ ಅದರ ಜೊತೆ ಅಳತೆ ಬದಲಿಸಿಕೊಳ್ಳುತ್ತವೆ. ನಿಮ್ಮಲ್ಲಿ ಹಾಗಾಗಿಲ್ಲ ಅಂದರೆ ಆವೃತ್ತಿ ಹಳೆಯದು. ಹೊಸದು ಹಾಕಿಕೊಂಡರೂ ಅನುಪಾತದ ತೊಂದರೆ ಹಾಗೇ ಇರುತ್ತದೆ. ಅದನ್ನು ನೀವೇ ಸರಿ ಮಾಡಬೇಕು.

ಬೇರು ಎಲ್ಲಿದೆ ಅಂದರೆ, ಓಬಿಎಸ್ ನಿಮ್ಮ ಸೆಟ್ಟಿಂಗ್‌ಗಳನ್ನು ಎರಡು ಕಡೆ ಇಡುತ್ತದೆ. ಸೀನ್ ಕಲೆಕ್ಷನ್‌ನಲ್ಲಿ ಯಾವ ವಸ್ತು ಎಲ್ಲಿ, ಎಷ್ಟು ದೊಡ್ಡದು ಅನ್ನುವುದು ಇರುತ್ತದೆ. ಕ್ಯಾನ್ವಾಸ್ ಮತ್ತು ಔಟ್‌ಪುಟ್ ಅಳತೆ ಇರುವುದು ಪ್ರೊಫೈಲ್‌ನಲ್ಲಿ. ನೀವು ತಂದದ್ದು ಕಲೆಕ್ಷನ್ ಒಂದನ್ನೇ. ಹೊಸ ಲ್ಯಾಪ್‌ಟಾಪ್‌ನಲ್ಲಿ ಓಬಿಎಸ್ ಮೊದಲ ಸಲ ತೆರೆದಾಗ ಪರದೆಯ ಅಳತೆಯನ್ನೇ ಕ್ಯಾನ್ವಾಸ್ ಮಾಡಿಕೊಂಡಿತು. ಈಗ ಬರುವ ಬಹಳ ಲ್ಯಾಪ್‌ಟಾಪ್‌ಗಳ ಪರದೆ 16:10. ಹಳೆಯದರಲ್ಲಿ ಕ್ಯಾನ್ವಾಸ್ 1920×1080 ಇದ್ದಿರಬೇಕು. ಅದಕ್ಕೇ ಕೆಳಗೆ 120 ಪಿಕ್ಸೆಲ್ ಕಪ್ಪು ಜಾಗ ಉಳಿಯಿತು. ಕ್ಯಾಮೆರಾ ಹಿಡಿದು ಕಳಿಸುವವರಿಗೆ ಲ್ಯಾಪ್‌ಟಾಪ್ ಪರದೆಯ ಅಳತೆಗೂ ಕ್ಯಾನ್ವಾಸಿಗೂ ಯಾವ ಸಂಬಂಧವೂ ಬೇಕಿಲ್ಲ. ಈ ಮೊದಲ ಆಯ್ಕೆ ನಿಮ್ಮಂಥವರಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸರಿಪಡಿಸುವ ಕೆಲಸ ಚಿಕ್ಕದು, ಕ್ರಮ ಮಾತ್ರ ತಪ್ಪಬಾರದು. ಲೈವ್, ರೆಕಾರ್ಡಿಂಗ್, ವರ್ಚುವಲ್ ಕ್ಯಾಮೆರಾ ಎಲ್ಲ ನಿಲ್ಲಿಸಿ. ಯಾವುದಾದರೂ ಒಂದು ಓಡುತ್ತಿದ್ದರೂ Video ಪುಟದ ಸಾಲುಗಳು ಮಸುಕಾಗಿ, ಬದಲಿಸಲು ಬಿಡುವುದಿಲ್ಲ. ಮೊದಲು Base ಸಾಲಿನಲ್ಲಿ 1920x1080, Output ಸಾಲಿನಲ್ಲಿ 1280x720 ಟೈಪ್ ಮಾಡಿ. ಎರಡೂ 16:9. ಎರಡು ದಿಕ್ಕಿಗೂ ಒಂದೂವರೆ ಪಟ್ಟು ಕುಗ್ಗುತ್ತದೆ, ಆದ್ದರಿಂದ ಆಕಾರ ಕೆಡುವುದಿಲ್ಲ. ಹೊಸ ಆವೃತ್ತಿಗಳು ಸಾಲಿನ ಪಕ್ಕದಲ್ಲೇ ಅನುಪಾತ ಬರೆದು ತೋರಿಸುತ್ತವೆ. ಎರಡು ಕಡೆ ಒಂದೇ ಅನುಪಾತ ಇದೆಯೇ ನೋಡಿಕೊಂಡರೆ ಸಾಕು. Output ಸಾಲಿನ ಬಾಣ ಒತ್ತಿದಾಗ ಬರುವ ಪಟ್ಟಿಯಲ್ಲಿ ಕ್ಯಾನ್ವಾಸಿನ ಅನುಪಾತಕ್ಕೆ ಹೊಂದುವ ಅಳತೆಗಳೇ ಇರುತ್ತವೆ. ಯೂಟ್ಯೂಬ್‌ಗೆ ಬೇಕು ಅಂತ 1280x720 ಅನ್ನು ಕೈಯಾರೆ ಟೈಪ್ ಮಾಡಿದಾಗಲೇ ಈ ಎಡವಟ್ಟು ಆಗುವುದು.

ಆಮೇಲೆ ಹಳೆಯ ಲ್ಯಾಪ್‌ಟಾಪ್‌ನಿಂದ ತಂದ ಕಲೆಕ್ಷನ್ ಫೈಲ್ ಇನ್ನೂ ಪೆನ್‌ಡ್ರೈವ್‌ನಲ್ಲಿ ಇದ್ದರೆ, ಅದನ್ನೇ ಮತ್ತೆ ಇಂಪೋರ್ಟ್ ಮಾಡಿ. ಅದರಲ್ಲಿ ಎಲ್ಲವೂ 1920×1080ಕ್ಕೆ ಸರಿಯಾಗಿ ಕೂತಿದೆ. ನೀವು ಹೊಸದರಲ್ಲಿ ಎಳೆದು ಇಳಿಸಿದ್ದೆಲ್ಲ ಬೇಡವೇ ಬೇಡ. ಕ್ಯಾನ್ವಾಸ್ ಮೊದಲು, ಇಂಪೋರ್ಟ್ ಆಮೇಲೆ. ಹಿಂದುಮುಂದಾದರೆ ಹೊಸ ಆವೃತ್ತಿ ಆ ಸ್ಥಾನಗಳನ್ನು ತಪ್ಪು ಕ್ಯಾನ್ವಾಸಿನ ಲೆಕ್ಕದಲ್ಲಿ ಓದಿಕೊಳ್ಳಬಹುದು. ಲೋಗೊ ಫೈಲ್ ಸಿಗುತ್ತಿಲ್ಲ ಅಂತ ಓಬಿಎಸ್ ಕೇಳಿದರೆ ಗಾಬರಿ ಬೇಡ, ಫೋಲ್ಡರ್ ಬೇರೆಯಾಗಿದೆ ಅಷ್ಟೆ, ತೋರಿಸಿಕೊಡಿ.

ಹಳೆಯ ಫೈಲ್ ಇಲ್ಲವೇ? ಹಾಗಾದರೆ ಕೈಯಲ್ಲೇ ಮಾಡಿ. ಕ್ಯಾಮೆರಾ ಮೂಲವನ್ನು ಆರಿಸಿ Ctrl+R ಒತ್ತಿ. ಎಳೆದದ್ದು, ಕತ್ತರಿಸಿದ್ದು ಎಲ್ಲ ಹೋಗಿ ಅದು ತನ್ನ ನಿಜವಾದ 1920×1080ಕ್ಕೆ ಬಂದು, ಕ್ಯಾನ್ವಾಸನ್ನು ಸರಿಯಾಗಿ ತುಂಬುತ್ತದೆ. ತುಂಬದಿದ್ದರೆ ಕ್ಯಾಪ್ಚರ್ ಕಾರ್ಡ್ 1080 ಕೊಡುತ್ತಿಲ್ಲ ಅಂತ ಅರ್ಥ, ಮೂಲದ Properties ನೋಡಿ. ಸ್ಕೋರ್ ಪಟ್ಟಿಯನ್ನು ಆರಿಸಿ Ctrl+E ಒತ್ತಿದರೆ ಸ್ಥಾನದ ಅಂಕಿಗಳು ಬರುತ್ತವೆ. ಎತ್ತರ 100 ಆದರೆ ಲಂಬದ ಸ್ಥಾನ 980 ಹಾಕಿ. ಕಾಣದ ಜಾಗದಲ್ಲಿ ಬಿದ್ದ ವಸ್ತುವನ್ನು ಮೌಸ್ ಹಿಡಿದು ಹುಡುಕುವುದಕ್ಕಿಂತ ಹೀಗೆ ಅಂಕಿ ಬರೆದು ಕರೆಸಿಕೊಳ್ಳುವುದು ಸುಲಭ. ಎಲ್ಲ ಕೂತ ಮೇಲೆ Sources ಪಟ್ಟಿಯಲ್ಲಿ ಹೆಸರಿನ ಪಕ್ಕದ ಬೀಗ ಒತ್ತಿಬಿಡಿ.

ಎಳೆಯುವಾಗ ಒಂದು ಎಚ್ಚರ. Ctrl+S ಅನ್ನೋದು ಓಬಿಎಸ್‌ನಲ್ಲಿ ಸೇವ್ ಅಲ್ಲ. ಆರಿಸಿದ ವಸ್ತುವನ್ನು ಇಡೀ ಕ್ಯಾನ್ವಾಸಿಗೆ ಎಳೆದು ಹಿಗ್ಗಿಸುವ ಆಜ್ಞೆ ಅದು. ಅಭ್ಯಾಸಬಲದಿಂದ ಒತ್ತಿ ಲೋಗೊವನ್ನು ಮೈದಾನದಷ್ಟು ಮಾಡಿಕೊಂಡವರಿದ್ದಾರೆ. ಅನುಪಾತ ಉಳಿಸಿಕೊಂಡು ಕೂರಿಸಬೇಕಾದರೆ Ctrl+F. Shift ಹಿಡಿದು ಮೂಲೆ ಎಳೆದರೂ ಆಕಾರ ಕೆಡುತ್ತದೆ. Alt ಹಿಡಿದು ಎಳೆದರೆ ಚಿತ್ರ ಕತ್ತರಿಸುತ್ತದೆ, ಆ ಬದಿಯ ಗೆರೆ ಹಸಿರಾಗುತ್ತದೆ. ಪ್ರಿವ್ಯೂನಲ್ಲೇ ಏನೋ ಕತ್ತರಿಸಿದಂತೆ ಕಂಡು ಗೆರೆ ಹಸಿರಿದ್ದರೆ, ಅದಕ್ಕೂ ಕ್ಯಾನ್ವಾಸಿಗೂ ಸಂಬಂಧವಿಲ್ಲ.

ಪ್ರೊಫೈಲನ್ನೂ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ಕಲೆಕ್ಷನ್ ಜೊತೆಗೇ ಇಟ್ಟುಕೊಳ್ಳಿ. ಅದರೊಳಗಿನ basic.ini ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತದೆ. ಈ ಸಾಲುಗಳು ಹೀಗಿರಬೇಕು:

```
[Video]
BaseCX=1920
BaseCY=1080
OutputCX=1280
OutputCY=720
```

ಬೇರೆಯವರ ಲ್ಯಾಪ್‌ಟಾಪ್ ಎರವಲು ತಂದು ಪಂದ್ಯ ನಡೆಸುವಾಗ ಈ ಎರಡೂ ಜೊತೆಗಿದ್ದರೆ ಮೇಲಿನ ಪುರಾಣ ಏನೂ ಬೇಡ. ಒಂದು ಮಾತು: ಪ್ರೊಫೈಲ್‌ನಲ್ಲಿ ನಿಮ್ಮ ಸ್ಟ್ರೀಮ್ ಕೀ ಕೂಡ ಇರುತ್ತದೆ. ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಕ್ಯಾನ್ವಾಸ್ ಯಾಕೆ 1080, ಎರಡನ್ನೂ 1280×720 ಮಾಡಿದರೆ ಸಾಲದೇ ಅಂತ ಕೇಳಬಹುದು. ಸಾಲುತ್ತದೆ, ಪ್ರತಿಯೊಂದು ವಸ್ತುವನ್ನೂ ಅದಕ್ಕೆ ತಕ್ಕಂತೆ ಮತ್ತೆ ಜೋಡಿಸಿಕೊಂಡರೆ. ಆದರೆ ಕ್ಯಾಮೆರಾ 1080 ಕೊಡುವಾಗ ಕ್ಯಾನ್ವಾಸನ್ನೂ ಹಾಗೇ ಇಟ್ಟರೆ ನಿಮಗೆ ಒಂದು ಲಾಭ ಇದೆ. ನಮ್ಮ ಕಡೆ ಮೈದಾನದಲ್ಲಿ ಅಪ್‌ಲೋಡ್ ವೇಗ ನಂಬುವ ಹಾಗಿಲ್ಲ. ಯೂಟ್ಯೂಬ್‌ಗೆ 720 ಸಾಕು, ಸುಮಾರು 4,000 kbps ಇದ್ದರೆ ನಡೆಯುತ್ತದೆ. ಡಿಸ್ಕ್‌ನಲ್ಲಿ ಉಳಿಯುವ ಪಂದ್ಯ ಮಾತ್ರ ಪೂರ್ತಿ 1080 ಇರಲಿ ಅನಿಸಿದರೆ, Video ಪುಟದಲ್ಲಿ ಎರಡೂ ಸಾಲು 1920x1080 ಮಾಡಿ. ಆಮೇಲೆ Output ಪುಟದಲ್ಲಿ Advanced ಆರಿಸಿ, Streaming ವಿಭಾಗದಲ್ಲಿ Rescale Output ಆನ್ ಮಾಡಿ 1280x720 ಕೊಡಿ. Recording ವಿಭಾಗದಲ್ಲಿ ಸ್ಟ್ರೀಮಿನ ಎನ್‌ಕೋಡರನ್ನೇ ಬಳಸುವ ಆಯ್ಕೆ ಇದ್ದರೆ ಅದನ್ನು ಬಿಟ್ಟು, ಬೇರೆ ಎನ್‌ಕೋಡರ್ ಆರಿಸಿ. ಇಲ್ಲದಿದ್ದರೆ ರೆಕಾರ್ಡಿಂಗೂ 720 ಆಗುತ್ತದೆ. ಎರಡು ಎನ್‌ಕೋಡಿಂಗ್ ಒಟ್ಟಿಗೆ ಓಡುವುದರಿಂದ ಪ್ರೊಸೆಸರ್ ಮೇಲೆ ಭಾರ ಬೀಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಹಾರ್ಡ್‌ವೇರ್ ಎನ್‌ಕೋಡರ್ ಇದ್ದರೆ ಅದನ್ನೇ ಕೊಡಿ. ಈ Rescale Output ಸಾಲೂ ಅನುಪಾತ ಕಾಪಾಡುವುದಿಲ್ಲ. ಹಳೆಯ ಪ್ರೊಫೈಲ್‌ನಲ್ಲಿ ಯಾರೋ ಎಂದೋ ಅಲ್ಲಿ ಏನೋ ಟೈಪ್ ಮಾಡಿ ಮರೆತಿದ್ದರೆ, Video ಪುಟ ಎಷ್ಟೇ ಸರಿ ಇದ್ದರೂ ಚಿತ್ರ ಕೆಡುತ್ತದೆ.

ಪಂದ್ಯದ ಹಿಂದಿನ ದಿನ ಹೀಗೆ ಪರೀಕ್ಷೆ ಮಾಡಿ. ಸೀನ್‌ಗೆ ಒಂದು Color Source ಸೇರಿಸಿ, ಅಗಲ 300, ಎತ್ತರ 300 ಕೊಡಿ. Ctrl+E ಒತ್ತಿ ಸ್ಥಾನ 1620, 780 ಹಾಕಿ. ಅದು ಬಲ ತಳದ ಮೂಲೆಗೆ ಅಂಟಿಕೊಂಡು ಕೂರುತ್ತದೆ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ವಿಎಲ್‌ಸಿಯಲ್ಲಿ ತೆರೆದು ನಿಲ್ಲಿಸಿ, Shift+S ಒತ್ತಿ ಚಿತ್ರ ತೆಗೆಯಿರಿ. ಪೇಂಟ್‌ನಲ್ಲಿ ಆ ಚೌಕದ ಸುತ್ತ ಆಯ್ಕೆ ಎಳೆದರೆ ಪಿಕ್ಸೆಲ್ ಲೆಕ್ಕ ಕೆಳಗೆ ಬರುತ್ತದೆ. 200×200 ಇದ್ದರೆ ಎಲ್ಲ ಸರಿ. ರೆಕಾರ್ಡಿಂಗ್ 1080 ಇಟ್ಟಿದ್ದರೆ 300×300 ಇರಬೇಕು. 200×180 ಬಂದರೆ ಅನುಪಾತ ಇನ್ನೂ 16:10ಕ್ಕೆ ಸಿಕ್ಕಿಕೊಂಡಿದೆ. ಚೌಕ ಕಾಣುವುದೇ ಇಲ್ಲ, ಅಥವಾ ತುಂಡಾಗಿದೆ ಅಂದರೆ ಕ್ಯಾನ್ವಾಸ್ ಚಿಕ್ಕದಾಗಿದೆ. ಚೌಕದ ಬಲಕ್ಕೆ, ಕೆಳಕ್ಕೆ ಜಾಗ ಉಳಿದಿದ್ದರೆ ದೊಡ್ಡದಾಗಿದೆ. ಮೂಲೆಯಲ್ಲಿ ಇಡುವುದು ಅದಕ್ಕೇ.

ಅದೇ ಫೈಲ್ ಮೇಲೆ Ctrl+J ಒತ್ತಿದರೆ ವಿಎಲ್‌ಸಿ ಅಳತೆ ಹೇಳುತ್ತದೆ. 1080ರ ಫೈಲ್‌ಗೆ ಕೆಲವು ಸಲ ಬಫರ್ ಸಾಲಿನಲ್ಲಿ 1088 ಅಂತ ಕಾಣುತ್ತದೆ. ಅದು ಕೋಡೆಕ್ ತನ್ನ ಲೆಕ್ಕಕ್ಕೆ ಸೇರಿಸಿಕೊಂಡ ಎಂಟು ಸಾಲು, ತಪ್ಪಲ್ಲ.

ಪ್ರಿವ್ಯೂ ಬಗ್ಗೆ ಇನ್ನೊಂದು ವಿಷಯ. ಪ್ರಿವ್ಯೂ ಮೇಲೆ ಬಲ ಕ್ಲಿಕ್ ಮಾಡಿದರೆ ಅದರ ತೋರಿಕೆಯ ಅಳತೆ ಬದಲಿಸುವ ಮೆನು ಇದೆ. ಅದು Canvas ಮೇಲಿದ್ದರೆ ಚಿಕ್ಕ ಕಿಟಕಿಯಲ್ಲಿ ಕ್ಯಾನ್ವಾಸಿನ ಒಂದು ಭಾಗ ಮಾತ್ರ ಕಾಣುತ್ತದೆ, ರೆಕಾರ್ಡಿಂಗ್ ಸರಿಯಾಗೇ ಇರುತ್ತದೆ. Scale to Window ಮಾಡಿಬಿಡಿ. ಇಲ್ಲದ ತೊಂದರೆಗೆ ಔಷಧಿ ಮಾಡಲು ಹೋಗಿ ಇರುವ ಸೆಟ್ಟಿಂಗ್ ಕೆಡಿಸಿಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಕೌಟುಂಬಿಕ ಹಾಕಿಯವರಿಗೆ ಬೇರೆಯದೇ ಒಂದು ಕಟ್ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. 1997ರಲ್ಲಿ ಕರಡದಲ್ಲಿ ಶುರುವಾದ ಹಾಕಿ ನಮ್ಮೆ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬದ ಕಾಲದಿಂದ ತಂಡದ ಹೆಸರೆಂದರೆ ಮನೆಹೆಸರೇ. ಕೆಲವು ಉದ್ದ, ಕೆಲವು ಗಿಡ್ಡ. ಬಲಗಡೆಯ ತಂಡದ ಅಕ್ಷರ ಮೂಲ ಎಡದಿಂದ ಬಲಕ್ಕೆ ಬೆಳೆಯುತ್ತದೆ. ಉದ್ದದ ಹೆಸರು ಹಾಕಿದ ದಿನ ಕೊನೆಯ ಅಕ್ಷರಗಳು ಕ್ಯಾನ್ವಾಸ್ ದಾಟಿ ಹೋಗುತ್ತವೆ. ಇದಕ್ಕೆ ಅಳತೆ ಬದಲಿಸಬೇಡಿ. Ctrl+E ಒತ್ತಿ Positional Alignment ಅನ್ನು ಬಲ ಬದಿಗೆ ಮಾಡಿ, ಸ್ಥಾನದ ಅಂಕಿಯನ್ನು ಪಟ್ಟಿಯ ಬಲ ತುದಿಗೆ ಕೊಡಿ. ಆಗ ಹೆಸರು ಎಡಕ್ಕೆ ಬೆಳೆಯುತ್ತದೆ, ಕೊನೆಯ ಅಕ್ಷರ ಎಲ್ಲಿರಬೇಕೋ ಅಲ್ಲೇ ಇರುತ್ತದೆ.

ಪಂದ್ಯದ ನಡುವೆ ಮೊಟ್ಟೆ ಕಂಡರೆ? ಲೈವ್ ನಿಲ್ಲಿಸದೆ ಅಳತೆ ಬದಲಾಗುವುದಿಲ್ಲ. ಆ ಹೊತ್ತಿಗೆ ಲೋಗೊದ ಅಗಲವನ್ನು ಹತ್ತರಲ್ಲಿ ಒಂಬತ್ತು ಪಾಲು ಮಾಡಿ, 300 ಇದ್ದದ್ದು 270. ಪ್ರಿವ್ಯೂನಲ್ಲಿ ಅದು ನಿಂತ ಮೊಟ್ಟೆಯಾಗುತ್ತದೆ, ನೋಡುವವರಿಗೆ ದುಂಡಗೆ ಹೋಗುತ್ತದೆ. ಪಂದ್ಯ ಮುಗಿದ ಕೂಡಲೇ ಲೋಗೊದ ಅಗಲ, ಕ್ಯಾನ್ವಾಸಿನ ಅಳತೆ ಎರಡನ್ನೂ ವಾಪಸ್ ಸರಿ ಮಾಡಿ.

ಈಗಾಗಲೇ ರೆಕಾರ್ಡ್ ಆದ ಪಂದ್ಯಗಳ ವಿಷಯ. ಮೊಟ್ಟೆ ಲೋಗೊ ಇರುವ ಫೈಲ್‌ಗಳನ್ನು ಹಾಗೇ ಬಿಡಿ. ಲೋಗೊ ಸರಿ ಮಾಡಲು ಹೋದರೆ ಸರಿ ಇರುವ ಆಟಗಾರರು ಕೆಡುತ್ತಾರೆ. ಕ್ಯಾಮೆರಾವನ್ನು ಎಳೆಯದೆ, ಕೆಳಗೆ ಕಪ್ಪು ಜಾಗ ಬಿಟ್ಟೇ ರೆಕಾರ್ಡ್ ಮಾಡಿದ ಫೈಲ್ ಇದ್ದರೆ ಅದರಲ್ಲಿ ಎಲ್ಲರೂ ಒಂದೇ ಸಮ ದಪ್ಪ ಆಗಿರುತ್ತಾರೆ. ಅದನ್ನು ಸರಿ ಮಾಡಬಹುದು. 720 ಎತ್ತರಕ್ಕೆ 16:10ರ ಅಗಲ 1152. ಎರಡು ಬದಿಗೆ 64ರಂತೆ ಕಪ್ಪು ತುಂಬಿದರೆ 1280 ಆಗುತ್ತದೆ. ffmpeg ಅನ್ನುವ ಕಮಾಂಡ್ ಸಾಧನದಲ್ಲಿ ಹೀಗೆ:

```
ffmpeg -i match.mkv -vf "scale=1152:720,pad=1280:720:64:0,setsar=1" -c:a copy match2.mp4
```

ಚಿತ್ರ ಮತ್ತೆ ಎನ್‌ಕೋಡ್ ಆಗುವುದರಿಂದ ಸ್ವಲ್ಪ ಸಮಯ ಹಿಡಿಯುತ್ತದೆ, ಧ್ವನಿ ಹಾಗೇ ನಕಲಾಗುತ್ತದೆ. ಗೆಳೆಯರ ಸಲಹೆಯ ನಂತರ ತೆಗೆದ, ಬಲಗಡೆ ಕತ್ತರಿಸಿದ ಪಂದ್ಯಕ್ಕೆ ಮಾತ್ರ ದಾರಿ ಇಲ್ಲ. ಕ್ಯಾನ್ವಾಸಿನ ಹೊರಗೆ ಬಿದ್ದದ್ದು ಎನ್‌ಕೋಡರ್‌ಗೆ ಹೋಗಿಯೇ ಇಲ್ಲ, ಫೈಲ್‌ನಲ್ಲೂ ಇಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡ್‌ನಲ್ಲಿ ಅದೇ ಪಂದ್ಯ ರೆಕಾರ್ಡ್ ಆಗಿದೆಯೇ ನೋಡಿ.